ಒಣದ್ರಾಕ್ಷಿ ಕಾರ್ಯಾಗಾರಕ್ಕೆ ಪ್ರಾಯೋಜಕರನ್ನು ಹುಡುಕುವುದು: ಪತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ವಿಜಯಪುರದ ಯಾವುದಾದರೂ ಮಧ್ಯಮ ಗಾತ್ರದ ಕಂಪನಿಯ ಆಫೀಸಿಗೆ ಹೋಗಿ ನೋಡಿ. ಮ್ಯಾನೇಜರ ಟೇಬಲ್ ಮೇಲೆ ಪತ್ರಗಳ ಒಂದು ಕಟ್ಟು ಇದ್ದೇ ಇರುತ್ತದೆ. ಗಣೇಶೋತ್ಸವ, ಕ್ರಿಕೆಟ್ ಟೂರ್ನಮೆಂಟ್, ಜಾತ್ರೆ, ಶಾಲೆಯ ವಾರ್ಷಿಕೋತ್ಸವ. ಎಲ್ಲದರ ಕೊನೆಯ ಸಾಲೂ ಒಂದೇ: ‘ತನು, ಮನ, ಧನದಿಂದ ಸಹಕರಿಸಬೇಕಾಗಿ ವಿನಂತಿ.’ ಇಂಥ ಪತ್ರಗಳಿಗೆ ಕಂಪನಿಯಲ್ಲಿ ಒಂದು ಮಾಮೂಲಿ ರೇಟ್ ಇರುತ್ತದೆ. ಅಷ್ಟು ಕೊಟ್ಟು, ರಸೀದಿ ತಗೊಂಡು, ಕೈತೊಳೆದುಕೊಳ್ಳುತ್ತಾರೆ.

ನಿಮಗೆ ಬೇಕಾಗಿರುವುದು ಆ ಮಾಮೂಲಿ ಅಲ್ಲ, ನಲವತ್ತು ಸಾವಿರ ಎಂದಾದರೆ ಪತ್ರ ಬೇರೆ ಥರ ಇರಬೇಕು. ಚಂದಾ ಕೇಳುವವರು ತಮ್ಮ ಕಾರ್ಯಕ್ರಮದ ಬಗ್ಗೆ ಬರೆಯುತ್ತಾರೆ. ಪ್ರಾಯೋಜಕತ್ವ ಕೇಳುವವರು ಕಂಪನಿಯ ವ್ಯಾಪಾರದ ಬಗ್ಗೆ ಬರೆಯಬೇಕು. ಇದನ್ನು ಒಂದೇ ಉದಾಹರಣೆ ಇಟ್ಟುಕೊಂಡು ಪೂರ್ತಿ ನೋಡೋಣ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಒಂದು ಸಂಘ, ಜನವರಿಯಲ್ಲಿ ಒಣದ್ರಾಕ್ಷಿ ತಯಾರಿಕೆ ಬಗ್ಗೆ ಒಂದು ದಿನದ ಕಾರ್ಯಾಗಾರ ಮಾಡುತ್ತಿದೆ ಅಂದುಕೊಳ್ಳಿ. ಕೆಳಗಿನ ಸಂಖ್ಯೆಗಳೆಲ್ಲ ಲೆಕ್ಕ ತೋರಿಸಲು ಹಾಕಿದವು. ನಿಮ್ಮ ಪತ್ರದಲ್ಲಿ ನಿಮ್ಮ ಸಂಖ್ಯೆಗಳೇ ಇರಬೇಕು.

ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು

ದೊಡ್ಡ ಕಂಪನಿ ಯಾವುದು ಅಂತ ಹುಡುಕುವುದು ಬೇಡ. ನಿಮ್ಮ ಕಾರ್ಯಕ್ರಮಕ್ಕೆ ಬರುವ ಜನ ಮುಂದಿನ ಎರಡು ಮೂರು ತಿಂಗಳಲ್ಲಿ ಯಾವುದಕ್ಕೆ ದುಡ್ಡು ಖರ್ಚು ಮಾಡುತ್ತಾರೆ ಅಂತ ನೋಡಿ. ಆ ದುಡ್ಡು ಯಾರ ಕೈ ಸೇರುತ್ತದೋ ಅವರೇ ನಿಮ್ಮ ಪ್ರಾಯೋಜಕರು.

ದ್ರಾಕ್ಷಿಯಲ್ಲಿ ಇದು ಸುಲಭ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ತೋಟ ಫೆಬ್ರುವರಿಯಿಂದ ಕಟಾವಿಗೆ ಬರುತ್ತದೆ. ಏಪ್ರಿಲ್‌ವರೆಗೂ ಶೆಡ್ಡುಗಳಲ್ಲಿ ಹಣ್ಣು ಒಣಗುತ್ತಿರುತ್ತದೆ. ಆ ಹೊತ್ತಿಗೆ ರೈತ ಹಣ್ಣು ಅದ್ದಲು ಡಿಪ್ಪಿಂಗ್ ಆಯಿಲ್ ಕೊಳ್ಳುತ್ತಾನೆ, ಪೊಟ್ಯಾಸಿಯಂ ಕಾರ್ಬೊನೇಟ್ ಕೊಳ್ಳುತ್ತಾನೆ, ಶೆಡ್ಡಿಗೆ ನೆಟ್ ಕೊಳ್ಳುತ್ತಾನೆ, ಪ್ಯಾಕಿಂಗ್ ಬಾಕ್ಸ್ ಕೊಳ್ಳುತ್ತಾನೆ. ಆಮೇಲೆ ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾನೆ. ಹೊರಗೆ ಇಟ್ಟರೆ ಮಳೆಗಾಲದ ತೇವಕ್ಕೆ ಬಣ್ಣ ಕಪ್ಪಾಗುತ್ತದೆ, ಅಂಟು ಬರುತ್ತದೆ. ದೀಪಾವಳಿ ಹೊತ್ತಿನ ರೇಟಿಗೆ ಕಾಯುವವರಿಗಂತೂ ಕೋಲ್ಡ್ ಸ್ಟೋರೇಜ್ ಬೇಕೇ ಬೇಕು.

ಈ ಪಟ್ಟಿಯಲ್ಲಿ ನಾನು ಕೋಲ್ಡ್ ಸ್ಟೋರೇಜನ್ನೇ ಮುಖ್ಯ ಪ್ರಾಯೋಜಕ ಅಂತ ಆರಿಸುತ್ತೇನೆ. ಆಯಿಲ್ ಮಾರುವ ಅಂಗಡಿಗೆ ಒಬ್ಬ ರೈತನಿಂದ ಬರುವ ವ್ಯಾಪಾರ ಚಿಕ್ಕದು. ಕೋಲ್ಡ್ ಸ್ಟೋರೇಜಿಗೆ ಒಬ್ಬ ರೈತ ಬಂದರೆ ತಿಂಗಳುಗಟ್ಟಲೆ ಬಾಡಿಗೆ. ಇನ್ನೊಂದು ವಿಷಯವೂ ಇದೆ. ಇಲ್ಲಿನ ಒಣದ್ರಾಕ್ಷಿ ಬಹಳಷ್ಟು ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲೇ ಸ್ಟೋರೇಜಿನಲ್ಲಿ ಇಟ್ಟು ಬರುವವರೂ ಇದ್ದಾರೆ. ಹಾಗಾಗಿ ವಿಜಯಪುರದ ಕೋಲ್ಡ್ ಸ್ಟೋರೇಜಿನವರ ನಿಜವಾದ ಪೈಪೋಟಿ ಪಕ್ಕದ ರಸ್ತೆಯವರ ಜೊತೆ ಅಲ್ಲ, ತಾಸಗಾಂವದ ಜೊತೆ. ಇದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಇವರಿಗೆ ನಮ್ಮ ಧಂದೆ ಗೊತ್ತಿದೆ ಅಂತ ಮಾಲೀಕರಿಗೆ ಅನಿಸುತ್ತದೆ.

ಕಾರ್ಯಕ್ರಮದ ದಿನ ಕಟಾವಿಗೆ ಮುಂಚೆ ಇರಬೇಕು, ಅಂದರೆ ಜನವರಿ. ಆದರೆ ಸಂಕ್ರಾಂತಿ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಆ ವಾರ ರೈತರು ಜಾತ್ರೆಯಲ್ಲಿರುತ್ತಾರೆ, ಹಾಲ್ ಸಿಗುವುದು ಕಷ್ಟ. ಕಂಪನಿಗಳ ಬಾಗಿಲಲ್ಲಿ ಜಾತ್ರೆಯ ಪತ್ರ ಹಿಡಿದವರ ಸಾಲು ಬೇರೆ. ಜನವರಿ ಮೊದಲ ವಾರ ಇಟ್ಟುಕೊಂಡು, ಪತ್ರವನ್ನು ನವೆಂಬರ್ ಮೊದಲ ಅರ್ಧದಲ್ಲೇ ಕೊಡಿ. ಎರಡು ತಿಂಗಳು ಕೈಯಲ್ಲಿದ್ದರೆ ಒಬ್ಬರು ಬೇಡ ಅಂದರೂ ಇನ್ನೊಬ್ಬರ ಹತ್ತಿರ ಹೋಗಬಹುದು.

ಎಷ್ಟು ಕೇಳಬೇಕು

‘ಕೈಲಾದಷ್ಟು ಕೊಡಿ’ ಅಂದರೆ ಕೈಲಾದಷ್ಟು ಬರುವುದಿಲ್ಲ, ಮಾಮೂಲಿ ಬರುತ್ತದೆ. ಮೊದಲು ಖರ್ಚು ಬರೆಯಿರಿ.

200 ಜನರ ಊಟಕ್ಕೆ ತಲೆಗೆ 150 ರೂಪಾಯಿಯಂತೆ 30,000. ಮಂಗಲ ಕಾರ್ಯಾಲಯಕ್ಕೆ 15,000. ಮೈಕು, ಪ್ರೊಜೆಕ್ಟರ್, ಜನರೇಟರ್ 12,000. ತಜ್ಞರ ಪ್ರಯಾಣ, ವಸತಿ 18,000. ಬ್ಯಾನರ್ ಮತ್ತು ಶೆಡ್ಡಿನಲ್ಲಿ ತೂಗುಹಾಕುವ ಚಾರ್ಟ್‌ಗೆ 10,000. ಪ್ರಾತ್ಯಕ್ಷಿಕೆ ಸಾಮಾನಿಗೆ 5,000. ಒಟ್ಟು 90,000.

ಬರುವವರಿಂದ ತಲೆಗೆ 100 ರೂಪಾಯಿ ತಗೊಂಡರೆ 20,000 ಆಗುತ್ತದೆ. ಈ ನೂರು ರೂಪಾಯಿ ದುಡ್ಡಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ನೂರು ಕೊಟ್ಟು ಹೆಸರು ಬರೆಸಿದ ರೈತ ಬಂದೇ ಬರುತ್ತಾನೆ ಅಂತ ಪ್ರಾಯೋಜಕರಿಗೂ ಗೊತ್ತು. ಪುಕ್ಕಟೆ ಕಾರ್ಯಕ್ರಮಕ್ಕೆ 200 ಜನ ಬರುತ್ತಾರೆ ಅಂದರೆ ಯಾರೂ ನಂಬುವುದಿಲ್ಲ.

ಉಳಿದದ್ದು 70,000. ಮುಖ್ಯ ಪ್ರಾಯೋಜಕರಿಂದ 40,000, ಇನ್ನಿಬ್ಬರಿಂದ ತಲಾ 15,000. ಪ್ಲಾಟಿನಂ, ಡೈಮಂಡ್, ಗೋಲ್ಡ್ ಅಂತ ಐದಾರು ಹಂತದ ಪಟ್ಟಿ ಮಾಡಬೇಡಿ. 200 ಜನರ ಕಾರ್ಯಕ್ರಮಕ್ಕೆ ಅದು ಸುಮ್ನೆ ಆಡಂಬರ. ಪಟ್ಟಿ ಉದ್ದ ಇದ್ದರೆ ಮಾಲೀಕರ ಕಣ್ಣು ಹೋಗುವುದು ಎಲ್ಲಕ್ಕಿಂತ ಕೆಳಗಿನ ಸಾಲಿಗೆ.

ಕೊಡಲು ನಿಮ್ಮ ಹತ್ತಿರ ಏನಿದೆ

ಹೆಚ್ಚಿನ ಪತ್ರಗಳು ಸೋಲುವುದು ಇಲ್ಲೇ. ‘ತಮ್ಮ ಸಂಸ್ಥೆಗೆ ವ್ಯಾಪಕ ಪ್ರಚಾರ ನೀಡಲಾಗುವುದು’ ಅಂತ ಬರೆದು ಬಿಡುತ್ತಾರೆ. ಬ್ಯಾನರ್ ಮೇಲೆ ಲೋಗೊ ಬರುತ್ತದೆ, ಸಂಜೆ ಬ್ಯಾನರ್ ಬಿಚ್ಚುತ್ತಾರೆ, ಮುಗಿಯಿತು. ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಎಣಿಸಬಹುದಾದ, ಕಾರ್ಯಕ್ರಮ ಮುಗಿದ ಮೇಲೂ ಉಳಿಯುವ ಲಾಭ ಏನಿದೆ ಅಂತ ಯೋಚಿಸಿ.

ನಮ್ಮ ಕಾರ್ಯಾಗಾರದಲ್ಲಿ ಅಂಥದ್ದು ಮೂರಿವೆ.

ಮೊದಲನೆಯದು ಚಾರ್ಟ್. ದ್ರಾಕ್ಷಿ ಅದ್ದುವ ದ್ರಾವಣದ ಅಳತೆ, ಅಂದರೆ ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಈಥೈಲ್ ಓಲಿಯೇಟ್ ಇರುವ ಆಯಿಲ್. ಇದನ್ನು 100 ಲೀಟರ್, 200 ಲೀಟರ್ ಲೆಕ್ಕಕ್ಕೆ ಗುಣಿಸಿ ದೊಡ್ಡ ಅಕ್ಷರದಲ್ಲಿ ಒಂದು ಲ್ಯಾಮಿನೇಟೆಡ್ ಹಾಳೆಯ ಮೇಲೆ ಹಾಕಿ. ಕೆಳಗೆ ಒಣಗಿಸುವ ದಿನ, ತೇವಾಂಶ ನೋಡುವ ಬಗೆ. ಮುದ್ರಿಸುವ ಮುಂಚೆ ಬರುವ ತಜ್ಞರಿಗೆ ತೋರಿಸಿ ಒಪ್ಪಿಗೆ ತಗೊಳ್ಳಿ. ಇಂಥ ಹಾಳೆಯನ್ನು ರೈತ ಎಸೆಯುವುದಿಲ್ಲ, ಕೆಲಸದವರಿಗೆ ಕಾಣುವ ಹಾಗೆ ಶೆಡ್ಡಿನ ಕಂಬಕ್ಕೆ ಕಟ್ಟುತ್ತಾನೆ. ಅದರ ಕೆಳಗಿನ ಕಾಲು ಭಾಗದಲ್ಲಿ ಕೋಲ್ಡ್ ಸ್ಟೋರೇಜಿನ ಹೆಸರು, ಫೋನ್ ನಂಬರ್ ಇದ್ದರೆ, ಮಾಲು ಒಣಗಿ ಎಲ್ಲಿ ಇಡಬೇಕು ಅಂತ ಯೋಚಿಸುವ ದಿನವೂ ಆ ನಂಬರ್ ಕಣ್ಣ ಮುಂದೆಯೇ ಇರುತ್ತದೆ.

ಎರಡನೆಯದು ಹೆಸರಿನ ಪಟ್ಟಿ. ನೋಂದಣಿ ಹಾಳೆಯಲ್ಲಿ ಹೆಸರು, ಊರು, ಫೋನ್, ಎಕರೆ, ಈ ವರ್ಷ ಎಷ್ಟು ಟನ್ ಒಣದ್ರಾಕ್ಷಿ ಮಾಡುವ ಅಂದಾಜು ಅಂತ ಐದು ಕಾಲಂ ಇಡಿ. ಆರನೆಯದಾಗಿ ಹೀಗೆ ಕೇಳಿ: ‘ಕೋಲ್ಡ್ ಸ್ಟೋರೇಜಿನವರು ನಿಮಗೆ ಫೋನ್ ಮಾಡಬಹುದೇ? ಹೌದು / ಬೇಡ.’ ಹೌದು ಅಂದವರ ನಂಬರ್ ಮಾತ್ರ ಪ್ರಾಯೋಜಕರಿಗೆ ಕೊಡಿ. ಕೇಳದೆ ಎಲ್ಲರ ನಂಬರ್ ಕೊಟ್ಟರೆ ಮುಂದಿನ ವರ್ಷ ನಿಮ್ಮ ಸದಸ್ಯರೇ ನೋಂದಣಿ ಮಾಡಿಸುವುದಿಲ್ಲ. ಕಂಪನಿಗೂ, ಹೌದು ಅಂದ 70 ಜನರ ಪಟ್ಟಿ, ಏನೂ ಗೊತ್ತಿಲ್ಲದ 200 ಜನರ ಪಟ್ಟಿಗಿಂತ ಹೆಚ್ಚು ಉಪಯೋಗದ್ದು.

ಮೂರನೆಯದು ವೇದಿಕೆಯ ಮೇಲೆ 12 ನಿಮಿಷ. ಆದರೆ ಊಟ ಆದ ಮೇಲೆ ಅಲ್ಲ, ಊಟಕ್ಕೆ ಮುಂಚೆ. ವಿಷಯವನ್ನೂ ನೀವೇ ಸೂಚಿಸಿ: ‘ಕೋಲ್ಡ್ ಸ್ಟೋರೇಜಿಗೆ ಮಾಲು ತರುವಾಗ ತೇವಾಂಶ ಮತ್ತು ಪ್ಯಾಕಿಂಗ್ ಹೇಗಿರಬೇಕು.’ ತಮ್ಮ ಕಂಪನಿ ಎಷ್ಟು ದೊಡ್ಡದು ಅಂತ ಹೇಳಿಕೊಂಡರೆ ಜನ ಎದ್ದು ಚಹಾಕ್ಕೆ ಹೋಗುತ್ತಾರೆ. ಉಪಯೋಗದ ಮಾತಾಡಿದರೆ ಕೂತು ಕೇಳುತ್ತಾರೆ, ಆಮೇಲೆ ಟೇಬಲ್ ಹತ್ತಿರ ಬಂದು ರೇಟ್ ಕೇಳುತ್ತಾರೆ.

ಇದರ ಜೊತೆಗೆ ಒಂದು ಭರವಸೆ ಸೇರಿಸಿ: ಬೇರೆ ಯಾವ ಕೋಲ್ಡ್ ಸ್ಟೋರೇಜಿಗೂ ಅಂದು ಜಾಗ ಇಲ್ಲ. ನಿಮಗೆ ಇದರಿಂದ ಒಂದು ಪೈಸೆ ಖರ್ಚಿಲ್ಲ, ಅವರಿಗೆ ಮಾತ್ರ ದೊಡ್ಡ ವಿಷಯ. ಕೊಟ್ಟ ಮೇಲೆ ಮುರಿಯಬಾರದು ಅಷ್ಟೇ.

ಕೊಡಬಾರದ ಭರವಸೆಯೂ ಒಂದಿದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಿಂದಲೋ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಿಂದಲೋ ವಿಜ್ಞಾನಿಗಳನ್ನು ಕರೆಸಿದರೆ, ಅವರು ನಿಮ್ಮ ಪ್ರಾಯೋಜಕರನ್ನು ಹೊಗಳುತ್ತಾರೆ ಅಂತ ಹೇಳಿಬಿಡಬೇಡಿ. ಸರ್ಕಾರಿ ಸಂಸ್ಥೆಯವರು ಖಾಸಗಿ ಕಂಪನಿಯ ಪರ ಮಾತಾಡಲು ಒಪ್ಪುವುದಿಲ್ಲ. ಪ್ರಾಯೋಜಕರು ಯಾರು ಅನ್ನುವುದನ್ನು ವಿಜ್ಞಾನಿಗಳಿಗೂ ಮೊದಲೇ ತಿಳಿಸಿ.

ಪತ್ರ ಹೀಗಿರಲಿ

ಸಂಘದ ಲೆಟರ್‌ಹೆಡ್ ಮೇಲೆ, ಒಂದೇ ಪುಟ. ನೋಂದಣಿ ಸಂಖ್ಯೆ ಮೇಲ್ಗಡೆ ಕಾಣಬೇಕು. ಮಾಲೀಕರ ಹೆಸರು ಟೈಪ್ ಆಗಿರಬೇಕು. ಜೆರಾಕ್ಸ್ ಪತ್ರದ ಖಾಲಿ ಗೆರೆಯಲ್ಲಿ ಪೆನ್ನಿಂದ ಹೆಸರು ತುಂಬಿದ್ದರೆ ಅದು ಚಂದಾ ಪತ್ರ ಅಂತ ದೂರದಿಂದಲೇ ಗೊತ್ತಾಗುತ್ತದೆ.

> ದಿನಾಂಕ: ನವೆಂಬರ್ 8
>
> ಗೆ,
> ಶ್ರೀ ................, ಮಾಲೀಕರು
> ................ ಕೋಲ್ಡ್ ಸ್ಟೋರೇಜ್, ವಿಜಯಪುರ
>
> ವಿಷಯ: ಜನವರಿ 6ರ ಒಣದ್ರಾಕ್ಷಿ ಕಾರ್ಯಾಗಾರಕ್ಕೆ ಮುಖ್ಯ ಪ್ರಾಯೋಜಕರಾಗುವ ಬಗ್ಗೆ (ರೂ. 40,000)
>
> ಮಾನ್ಯರೇ,
>
> ನಮ್ಮ ಸಂಘದ 140 ಸದಸ್ಯರು ಒಟ್ಟು 380 ಎಕರೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಬಹುಪಾಲು ಹಣ್ಣನ್ನು ಒಣದ್ರಾಕ್ಷಿ ಮಾಡುತ್ತಾರೆ. ಕಳೆದ ಹಂಗಾಮಿನಲ್ಲಿ ಮಾಲನ್ನು ಸ್ಟೋರೇಜಿಗೆ ಹಾಕಿದ 90 ಸದಸ್ಯರಲ್ಲಿ 55 ಜನ ತಾಸಗಾಂವಕ್ಕೆ ಒಯ್ದಿದ್ದಾರೆ. ವಿಜಯಪುರದಲ್ಲಿ ಇಡಲು ಏನೇನು ಬೇಕು, ಬಾಡಿಗೆ ಎಷ್ಟು ಎಂಬುದು ಇವರಲ್ಲಿ ಹಲವರಿಗೆ ಸರಿಯಾಗಿ ತಿಳಿದಿಲ್ಲ.
>
> ಜನವರಿ 6ರಂದು, ಕಟಾವಿಗೆ ಸುಮಾರು ಒಂದು ತಿಂಗಳು ಮುಂಚೆ, ತಿಕೋಟಾದಲ್ಲಿ ಒಂದು ದಿನದ ಕಾರ್ಯಾಗಾರ ನಡೆಸುತ್ತಿದ್ದೇವೆ. 200 ಬೆಳೆಗಾರರಿಗೆ ಮಾತ್ರ ಪ್ರವೇಶ, ಶುಲ್ಕ ರೂ. 100. ತಾವು ಮುಖ್ಯ ಪ್ರಾಯೋಜಕರಾದರೆ ನಾವು ಕೊಡುವುದು ಇಷ್ಟು:
>
> 1. ಶೆಡ್ಡಿನಲ್ಲಿ ಕಟ್ಟುವ ಲ್ಯಾಮಿನೇಟೆಡ್ ಚಾರ್ಟ್, 250 ಪ್ರತಿ. ಕೆಳಗಿನ ಕಾಲು ಭಾಗ ತಮ್ಮ ಜಾಹೀರಾತಿಗೆ. ಮಾದರಿ ಲಗತ್ತಿಸಿದೆ.
> 2. ಊಟಕ್ಕೆ ಮುಂಚೆ 12 ನಿಮಿಷ ಮಾತು, ನೋಂದಣಿ ಟೇಬಲ್ ಪಕ್ಕದಲ್ಲೇ ತಮ್ಮ ಟೇಬಲ್. ಅಲ್ಲಿ ಬುಕಿಂಗ್ ತಗೊಳ್ಳಬಹುದು.
> 3. ಸಂಪರ್ಕಕ್ಕೆ ಒಪ್ಪಿದ ಬೆಳೆಗಾರರ ಪಟ್ಟಿ: ಹೆಸರು, ಊರು, ಫೋನ್, ಅಂದಾಜು ಟನ್. ಜನವರಿ 10ರೊಳಗೆ.
> 4. ಬೇರೆ ಯಾವ ಕೋಲ್ಡ್ ಸ್ಟೋರೇಜಿಗೂ ಅಂದು ಪ್ರಾಯೋಜಕತ್ವ ಇರುವುದಿಲ್ಲ.
>
> ಕಾರ್ಯಕ್ರಮದ ಒಟ್ಟು ಖರ್ಚು ರೂ. 90,000. ವಿವರ ಲಗತ್ತಿಸಿದೆ. ರೂ. 20,000 ಒಪ್ಪಿಗೆಯ ದಿನ, ಉಳಿದ ರೂ. 20,000 ಜನವರಿ 2ರೊಳಗೆ ಕೊಡಬಹುದು.
>
> ಚಾರ್ಟ್ ಮುದ್ರಣಕ್ಕೆ ಡಿಸೆಂಬರ್ 10 ಕೊನೆಯ ದಿನ. ಹಾಗಾಗಿ ನವೆಂಬರ್ 25ರೊಳಗೆ ತಮ್ಮ ನಿರ್ಧಾರ ತಿಳಿಸಬೇಕೆಂದು ಕೋರುತ್ತೇವೆ. ನವೆಂಬರ್ 14ರಂದು ನಮ್ಮ ಕಾರ್ಯದರ್ಶಿ ಫೋನ್ ಮಾಡಿ, ತಾವು ಹೇಳಿದ ಸಮಯಕ್ಕೆ ಬಂದು ಭೇಟಿಯಾಗುತ್ತಾರೆ.
>
> ಇಂತಿ ತಮ್ಮ ವಿಶ್ವಾಸಿ,
> ಅಧ್ಯಕ್ಷರು (ಸಹಿ, ಮೊಹರು)
>
> ಲಗತ್ತು: ಚಾರ್ಟ್ ಮಾದರಿ, ಖರ್ಚಿನ ವಿವರ, ಸಂಘದ ಪ್ಯಾನ್ ಪ್ರತಿ, ಬ್ಯಾಂಕ್ ಖಾತೆ ವಿವರ

‘ರೈತ ದೇಶದ ಬೆನ್ನೆಲುಬು’ ಎಂಬ ಸಾಲು ಇದರಲ್ಲಿ ಇಲ್ಲ ನೋಡಿ. ಸಂಘದ ಸಾಧನೆಗಳೂ ಇಲ್ಲ. ಮೊದಲ ಪ್ಯಾರಾದಲ್ಲೇ ಅವರ ಗ್ರಾಹಕರ ಲೆಕ್ಕ ಬಂದಿದೆ. 55 ಜನ ತಾಸಗಾಂವಕ್ಕೆ ಹೋದರು ಎಂಬ ಸಂಖ್ಯೆ ಎಲ್ಲಿಂದ ಬರಬೇಕು? ಸದಸ್ಯರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ, ಉತ್ತರ ಕೊಡದವರಿಗೆ ಫೋನ್ ಮಾಡಿ. ಎರಡು ಸಂಜೆಯ ಕೆಲಸ. ಇಡೀ ಪತ್ರದಲ್ಲಿ ದುಡ್ಡು ತರುವ ಸಾಲು ಅದೇ. ಅಂದಾಜಿಗೆ ಬರೆದರೆ ಸಿಕ್ಕಿಬೀಳುತ್ತೀರಿ. ತಮ್ಮ ಸ್ಟೋರೇಜಿಗೆ ಯಾವ ಊರಿನ ಮಾಲು ಎಷ್ಟು ಬಂತು ಅಂತ ಮಾಲೀಕರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಚಾರ್ಟಿನ ಮಾದರಿಯನ್ನು ಅವರ ಹೆಸರು ಹಾಕಿಯೇ ತಯಾರು ಮಾಡಿ. ಡಿಟಿಪಿ ಮಾಡುವವರಿಗೆ ಕೊಟ್ಟರೆ ಒಂದು ಕಲರ್ ಪ್ರಿಂಟ್‌ಗೆ ದೊಡ್ಡ ಖರ್ಚೇನಿಲ್ಲ. ಪತ್ರ ಓದದವರೂ ತಮ್ಮ ಹೆಸರಿರುವ ಚಾರ್ಟ್ ನೋಡುತ್ತಾರೆ.

ಆಡಿಟರ್ ಕೇಳುವ ಪ್ರಶ್ನೆಗಳು

ಮಾಲೀಕರು ಒಪ್ಪಿದ ಮೇಲೂ ಪತ್ರ ಅಕೌಂಟ್ಸ್ ಟೇಬಲ್ ಮೇಲೆ ನಿಂತುಬಿಡುವುದುಂಟು. ಕಾರಣ ತೆರಿಗೆ. ನಾಲ್ಕು ವಿಷಯ ಮೊದಲೇ ಗೊತ್ತಿದ್ದರೆ ಸಾಕು.

ಲೋಗೊ, ಜಾಹೀರಾತು ಕೊಟ್ಟು ದುಡ್ಡು ತಗೊಂಡರೆ ಅದು ದಾನವಲ್ಲ. ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸಂಘಕ್ಕೆ ಇದ್ದರೂ ಈ ಮೊತ್ತಕ್ಕೆ ಆ ರಸೀದಿ ಕೊಡಬೇಡಿ. ಕಂಪನಿ ಇದನ್ನು ಜಾಹೀರಾತು ಖರ್ಚು ಅಂತ ಲೆಕ್ಕದಲ್ಲಿ ತೋರಿಸುತ್ತದೆ, ಅವರಿಗೆ ಅದೇ ಅನುಕೂಲ.

ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣವನ್ನೂ ಇದಕ್ಕೆ ಕೇಳಬೇಡಿ. ತಮ್ಮ ಸರಕು, ಸೇವೆಗೆ ಪ್ರಚಾರ ಸಿಗಲಿ ಅಂತ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ 2021ರ ತಿದ್ದುಪಡಿ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ಪತ್ರದಲ್ಲಿ ‘ಸಿಎಸ್‌ಆರ್ ಅಡಿ’ ಅಂತ ಬರೆದು, ಕೆಳಗೆ ಜಾಹೀರಾತಿನ ಪಟ್ಟಿ ಕೊಟ್ಟರೆ ದೊಡ್ಡ ಕಂಪನಿಯವರು ಅಲ್ಲೇ ಪಕ್ಕಕ್ಕಿಡುತ್ತಾರೆ.

ಇನ್ನು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಪ್ರಾಯೋಜಕತ್ವವನ್ನು ತೆರಿಗೆ ಇಲಾಖೆ ಜಾಹೀರಾತು ಕೆಲಸದ ಗುತ್ತಿಗೆ ಅಂತ ನೋಡುತ್ತದೆ. ಒಂದು ಪಾವತಿ 30,000 ರೂಪಾಯಿ ದಾಟಿದರೆ ಕಂಪನಿ ಟಿಡಿಎಸ್ ಹಿಡಿಯುತ್ತದೆ. ಸಂಘಕ್ಕಾದರೆ 2%. ನಲವತ್ತು ಸಾವಿರಕ್ಕೆ ಒಂದೇ ಒಪ್ಪಂದ ಆಗಿರುವುದರಿಂದ, ಎರಡು ಕಂತಿನಲ್ಲಿ ಕೊಟ್ಟರೂ ಒಟ್ಟು 800 ರೂಪಾಯಿ ಹಿಡಿದು 39,200 ಕೊಡಬಹುದು. ‘ಕಡಿಮೆ ಕೊಟ್ಟಿರಿ’ ಅಂತ ಜಗಳ ಮಾಡಬೇಡಿ, ಟಿಡಿಎಸ್ ಪ್ರಮಾಣಪತ್ರ ಕೇಳಿ. ಸಂಘಕ್ಕೆ ಪ್ಯಾನ್ ಇಲ್ಲದಿದ್ದರೆ ಹೆಚ್ಚು ಹಿಡಿಯುತ್ತಾರೆ. ಅಧ್ಯಕ್ಷರ ಸ್ವಂತ ಖಾತೆಗೆ ಹಾಕಿಸುವ ಯೋಚನೆಯಂತೂ ಬೇಡವೇ ಬೇಡ.

ಕೊನೆಗೆ ಜಿಎಸ್‌ಟಿ. ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದು, ನಿಮ್ಮದು ಸಾಮಾನ್ಯ ಸಂಘವಾಗಿದ್ದರೆ, ರಿವರ್ಸ್ ಚಾರ್ಜ್ ಪ್ರಕಾರ 18% ತೆರಿಗೆಯನ್ನು ಅವರೇ ಸರ್ಕಾರಕ್ಕೆ ಕಟ್ಟಬೇಕು. ನಲವತ್ತು ಸಾವಿರಕ್ಕೆ 7,200. ಅಂದರೆ ಅವರ ಕೈಯಿಂದ ಹೋಗುವುದು 47,200. ಅದರ ಕ್ರೆಡಿಟ್ ಸಿಗುತ್ತದೋ ಇಲ್ಲವೋ ಅವರ ಆಡಿಟರ್ ಹೇಳುತ್ತಾರೆ. ನಿಮ್ಮದು ರೈತ ಉತ್ಪಾದಕರ ಕಂಪನಿ ಆಗಿದ್ದರೆ ಲೆಕ್ಕ ಬೇರೆ: ಕಾರ್ಯಕ್ರಮ ಮಾಡಿ ಪ್ರಾಯೋಜಕತ್ವದ ದುಡ್ಡು ಪಡೆಯುವವರೇ ಕಂಪನಿಯಾಗಿದ್ದರೆ, 2025ರ ಜನವರಿ 16ರಿಂದ ಅದಕ್ಕೆ ರಿವರ್ಸ್ ಚಾರ್ಜ್ ಇಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ನೀವೇ ಬಿಲ್ಲಿನಲ್ಲಿ ತೆರಿಗೆ ಸೇರಿಸಿ ಕಟ್ಟಬೇಕು.

ಕೊಟ್ಟು ಬರುವುದು, ಬೆನ್ನು ಹತ್ತುವುದು

ಪತ್ರವನ್ನು ಕೈಯಾರೆ ಕೊಡಿ. ಆದರೆ ಎಂಟು ಜನ ಗುಂಪು ಕಟ್ಟಿಕೊಂಡು ಹೋಗಬೇಡಿ, ಇಬ್ಬರು ಸಾಕು. ಹೆಚ್ಚಾಗಿ ಗೇಟಿನಲ್ಲಿ ಸಿಗುವ ಉತ್ತರ ಇದೇ: ‘ಸಾಹೇಬ್ರು ಇಲ್ಲರಿ, ಪತ್ರ ಇಟ್ಟು ಹೋಗ್ರಿ.’ ಇಟ್ಟು ಬನ್ನಿ, ಆದರೆ ಮ್ಯಾನೇಜರಿಗೆ ಚಾರ್ಟ್ ಬಿಚ್ಚಿ ತೋರಿಸಿ. ಎರಡನೇ ಪ್ರತಿಯ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಹೇಳಿದ ದಿನವೇ ಫೋನ್ ಮಾಡಿ.

ಕೆಲಸ ಆಗುತ್ತದೋ ಇಲ್ಲವೋ ಅನ್ನುವುದು ಅವರ ಪ್ರಶ್ನೆಯಲ್ಲೇ ತಿಳಿಯುತ್ತದೆ. ‘ಯಾವ್ಯಾವ ಊರಿನವರು ಬರ್ತಾರ್ರಿ? ಹೋದ ವರ್ಷ ಅವರ ಮಾಲು ಎಷ್ಟಿತ್ತು?’ ಅಂದರೆ ವ್ಯಾಪಾರದ ಲೆಕ್ಕ ಶುರುವಾಗಿದೆ. ‘ಇನ್ಯಾರ್ಯಾರು ಎಷ್ಟೆಷ್ಟು ಕೊಟ್ಟಾರ?’ ಅಂದರೆ ನಿಮ್ಮ ಪತ್ರವನ್ನು ಇನ್ನೂ ಚಂದಾ ಅಂತಲೇ ನೋಡುತ್ತಿದ್ದಾರೆ. ಆಗ ಬೇರೆಯವರ ಹೆಸರು ಹೇಳಲು ಹೋಗಬೇಡಿ, ಚಾರ್ಟ್ ಮತ್ತು ಪಟ್ಟಿಯ ಕಡೆಗೆ ಮಾತು ತಿರುಗಿಸಿ.

‘ಇಪ್ಪತ್ತು ಸಾವಿರ ಕೊಡ್ತೀನಿ’ ಅಂದರೆ? ಮೊತ್ತ ಇಳಿಸಿದರೆ ಲಾಭವನ್ನೂ ಇಳಿಸಿ. ಚಾರ್ಟ್ ಮತ್ತು ಟೇಬಲ್ ಇರಲಿ, ಪಟ್ಟಿ ಮತ್ತು ಒಬ್ಬರಿಗೇ ಜಾಗ ಎಂಬ ಭರವಸೆ ತೆಗೆಯಿರಿ. ಎಲ್ಲವನ್ನೂ ಅರ್ಧ ದುಡ್ಡಿಗೆ ಕೊಟ್ಟರೆ ಮೊದಲ ಮೊತ್ತ ಸುಮ್ನೆ ಹೇಳಿದ್ದು ಅಂತ ಆಗುತ್ತದೆ. ದುಡ್ಡು ಸಾಧ್ಯವೇ ಇಲ್ಲ ಅಂದರೆ ಊಟದ ಖರ್ಚನ್ನು ನೇರವಾಗಿ ಕೇಟರಿಂಗ್‌ನವರಿಗೆ ಕೊಡಲು ಕೇಳಬಹುದು. ಅದರ ಬೆಲೆಯನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಒಪ್ಪಿದ ದಿನವೇ ಅರ್ಧ ಪುಟದ ಕರಾರು ಮಾಡಿ: ಯಾರು ಏನು ಕೊಡಬೇಕು, ಯಾವ ದಿನದೊಳಗೆ, ಕಾರ್ಯಕ್ರಮ ರದ್ದಾದರೆ ಮುಂಗಡ ಎಷ್ಟು ದಿನದಲ್ಲಿ ವಾಪಸ್. ಜನವರಿಯಲ್ಲಿ ಅಕಾಲ ಮಳೆ ಬಂದರೆ ರೈತರು ತೋಟ ಬಿಟ್ಟು ಬರುವುದಿಲ್ಲ, ಆಗ ದಿನ ಮುಂದೆ ಹಾಕಬೇಕಾಗುತ್ತದೆ. ಅದನ್ನೂ ಒಂದು ಸಾಲಿನಲ್ಲಿ ಬರೆದಿಡಿ.

ಕಾರ್ಯಕ್ರಮ ಮುಗಿದು ನಾಲ್ಕು ದಿನದೊಳಗೆ ಒಂದು ಲಕೋಟೆ ತಲುಪಿಸಿ. ಒಳಗೆ ಎಷ್ಟು ಜನ ಬಂದರು, ಯಾವ ಊರಿಂದ ಎಷ್ಟು ಎಂಬ ಲೆಕ್ಕ, ಒಪ್ಪಿದವರ ಪಟ್ಟಿ, ಅವರ ಟೇಬಲ್ ಮುಂದೆ ಜನ ನಿಂತಿರುವ ಎರಡು ಫೋಟೊ, ಖರ್ಚಿನ ವಿವರ, ರಸೀದಿ. 200 ಅಂದಿದ್ದು 160 ಬಂದಿದ್ದರೆ 160 ಅಂತಲೇ ಬರೆಯಿರಿ. ಉಳಿದ ಚಾರ್ಟ್‌ಗಳನ್ನು ಬರದಿದ್ದ 40 ಜನರ ಶೆಡ್ಡಿಗೆ ತಲುಪಿಸಿ, ಅದನ್ನೂ ವರದಿಯಲ್ಲಿ ತಿಳಿಸಿ. ಏಪ್ರಿಲ್ ಕೊನೆಗೆ ಮ್ಯಾನೇಜರಿಗೆ ಒಂದು ಫೋನ್ ಹಾಕಿ, ಪಟ್ಟಿಯಲ್ಲಿದ್ದವರಲ್ಲಿ ಎಷ್ಟು ಜನ ಮಾಲು ಇಟ್ಟರು, ಒಟ್ಟು ಎಷ್ಟು ಟನ್ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ನವೆಂಬರಿನ ಪತ್ರಕ್ಕೆ ಮೊದಲ ಸಾಲು ಅದೇ ಆಗುತ್ತದೆ.